ಅನ್ನ, ಚಪಾತಿ, ಸಾಮೆ: ಕೊನೆಕೊಯ್ಲಿನ ಊಟದ ಲೆಕ್ಕ

ಡಿಸೆಂಬರಿನ ಬೆಳಗು. ವಜ್ರಳ್ಳಿ ಸುತ್ತಿನ ತೋಟಗಳಲ್ಲಿ ಮಂಜು ಕರಗುವ ಮೊದಲೇ ಕೊನೆಗೌಡ ಮರದ ತುದಿ ಮುಟ್ಟಿರುತ್ತಾನೆ. ಕೊನೆ ಕೊಯ್ದು ಹಗ್ಗದಲ್ಲಿ ಜಾರಿಬಿಟ್ಟು, ನೆಲಕ್ಕಿಳಿಯದೆ ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತಾನೆ. ಕೆಳಗೊಬ್ಬ ಹಗ್ಗದ ತುದಿ ಹಿಡಿದು ನಿಂತಿದ್ದರೆ, ಇನ್ನಿಬ್ಬರು ಉದುರಿದ ಅಡಕೆ ಹೆಕ್ಕುತ್ತಾರೆ, ಮತ್ತೊಬ್ಬರು ಹೊರೆ ಹೊತ್ತು ಏರು ಹತ್ತಿ ಅಂಗಳಕ್ಕೆ ಸುರಿಯುತ್ತಾರೆ. ಮಧ್ಯಾಹ್ನ ಎಲ್ಲರಿಗೂ ಊಟ. ಹುಳಿಗೊಮ್ಮೆ, ತಂಬುಳಿಗೊಮ್ಮೆ, ಮಜ್ಜಿಗೆಗೊಮ್ಮೆ, ಹೀಗೆ ಮೂರು ಸುತ್ತು ಅನ್ನ.

ಅದೇ ಮನೆಯಲ್ಲಿ ಒಬ್ಬರ ತಟ್ಟೆ ಬೇರೆ. "ಯಂಗೆ ಶುಗರ್ ಇದ್ದು, ಎರಡೇ ಚಪಾತಿ" ಎನ್ನುವ ಯಜಮಾನರು ಈಗ ಹೆಚ್ಚುಕಡಿಮೆ ಎಲ್ಲ ಊರಿನಲ್ಲೂ ಸಿಗುತ್ತಾರೆ. ನಾಲ್ಕು ಮನೆ ಆಚೆ ಹೋದರೆ ಚಪಾತಿಯನ್ನೂ ಬಿಟ್ಟು ಸಾಮೆ, ನವಣೆಗೆ ಬಂದವರಿದ್ದಾರೆ. ಇಷ್ಟರ ಮಧ್ಯೆ ಮೂರು ಹೊತ್ತೂ ಅನ್ನ ಉಂಡು ಮರ ಹತ್ತುವ ಕೊನೆಗೌಡನಿಗೆ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ ಕಾಣುವುದಿಲ್ಲ. ಹಾಗಾದರೆ ತಪ್ಪು ಅಕ್ಕಿಯದ್ದೇ?

ಮೂರು ಧಾನ್ಯಗಳ ಸೀಮೆ

ಯಲ್ಲಾಪುರ ತಾಲೂಕು ಇರುವ ಜಾಗವೇ ಈ ಪ್ರಶ್ನೆಗೆ ಸರಿಯಾದದ್ದು. ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಹುಬ್ಬಳ್ಳಿ, ಅಲ್ಲಿ ಜೋಳದ ರೊಟ್ಟಿ. ಪಶ್ಚಿಮಕ್ಕೆ ಘಟ್ಟ ಇಳಿದರೆ ಅಂಕೋಲೆ, ಅಲ್ಲಿ ಕುಚ್ಚಲಕ್ಕಿಯ ಗಂಜಿ. ನಡುವಿನ ಈ ಕಾಡಿನಲ್ಲಿ ಗದ್ದೆ ಇದ್ದವರು ಅಕ್ಕಿ ಉಂಡರು. ಗುಡ್ಡದ ಇಳಿಜಾರಿನಲ್ಲಿ ಕುಮರಿ ಕಡಿದು ಬದುಕಿದವರು ರಾಗಿ ಬಿತ್ತಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಅರಣ್ಯ ಕಾನೂನು ಕುಮರಿ ಬೇಸಾಯವನ್ನು ಕಟ್ಟಿಹಾಕಿತು, ಅದರ ಜೊತೆಗೆ ಗುಡ್ಡದ ರಾಗಿಯೂ ಹಿಂದೆ ಸರಿಯಿತು. ಹಾಗಾಗಿ ಕಿರುಧಾನ್ಯ ಇಲ್ಲಿಗೆ ಪೇಟೆಯಿಂದ ಬಂದ ಹೊಸ ಫ್ಯಾಶನ್ ಅಲ್ಲ. ಹೊಸದಾಗಿ ಬಂದದ್ದು ಚಪಾತಿ. ಅದು ಬಹಳ ಮನೆಗಳಿಗೆ ಕಾಲಿಟ್ಟದ್ದೇ ಡಾಕ್ಟರ ಚೀಟಿಯ ಜೊತೆ.

ಇನ್ನು ಸಾಮೆ, ನವಣೆ, ಹಾರಕ, ಊದಲು, ಕೊರಲೆ. ಇವಕ್ಕೆ ಮತ್ತೆ ಹೆಸರು ಬಂದದ್ದರಲ್ಲಿ ಮೈಸೂರಿನ ಖಾದರ್ ಅವರ ಭಾಷಣಗಳದ್ದು ದೊಡ್ಡ ಪಾಲು. 2023ನ್ನು ವಿಶ್ವಸಂಸ್ಥೆ ಕಿರುಧಾನ್ಯ ವರ್ಷವೆಂದು ಸಾರಿದ ಮೇಲಂತೂ ಶಿರಸಿ ಪೇಟೆಯ ಕಿರಾಣಿ ಅಂಗಡಿಗೂ ಪ್ಯಾಕೆಟ್ ಬಂತು.

ಅಂಕಿ ಬರುವುದು ಎಲ್ಲಿಂದ?

ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎನ್ನುವುದಕ್ಕೆ ಒಂದು ಅಳತೆ ಇದೆ, ಗ್ಲೈಸೆಮಿಕ್ ಸೂಚ್ಯಂಕ. ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಮುಂದಿಟ್ಟರು. ಖಾಲಿ ಹೊಟ್ಟೆಯಲ್ಲಿರುವವರಿಗೆ 50 ಗ್ರಾಂ ಪಿಷ್ಟ ಸಿಗುವಷ್ಟು ಆಹಾರ ಕೊಟ್ಟು, ಎರಡು ಗಂಟೆ ಕಾಲ ಮತ್ತೆ ಮತ್ತೆ ರಕ್ತ ಪರೀಕ್ಷಿಸುತ್ತಾರೆ. ಅಷ್ಟೇ ಗ್ಲೂಕೋಸ್ ಕುಡಿದಾಗ ಆಗುವ ಏರಿಕೆಯನ್ನು 100 ಎಂದಿಟ್ಟುಕೊಂಡು ಹೋಲಿಸುತ್ತಾರೆ.

ಹೈದರಾಬಾದ್ ಬಳಿಯ ಪಟಂಚೇರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಒಂದು ಲೆಕ್ಕ ಕೊಟ್ಟರು. ಕಿರುಧಾನ್ಯಗಳ ಸರಾಸರಿ ಸೂಚ್ಯಂಕ ಸುಮಾರು 53, ಪಾಲಿಶ್ ಮಾಡಿದ ಅಕ್ಕಿಯದ್ದು ಸುಮಾರು 72. ಚಪಾತಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 52ರ ಆಸುಪಾಸಿನಲ್ಲಿದೆ, ಬೇರೆ ಅಳತೆಗಳಲ್ಲಿ ಇನ್ನೂ ಹೆಚ್ಚು ಬಂದದ್ದೂ ಉಂಟು.

ಇಷ್ಟನ್ನೇ ನೋಡಿದರೆ ಅಕ್ಕಿ ಸೋತಂತೆ ಕಾಣುತ್ತದೆ. ಆದರೆ ಈ ಪ್ರಯೋಗದಲ್ಲಿ ಎಲ್ಲರಿಗೂ ಸಮನಾಗಿ 50 ಗ್ರಾಂ ಪಿಷ್ಟ ಕೊಟ್ಟು ಕೂರಿಸಿರುತ್ತಾರೆ ಎಂಬುದನ್ನು ಮರೆಯಬಾರದು. ಅಳತೆ ಮಾಡಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ, ಉಂಡವರೆಲ್ಲ ಎರಡು ಗಂಟೆ ಕೂತಿರುವುದೂ ಇಲ್ಲ.

ಯಜಮಾನರ ತಟ್ಟೆ

ಪಂಕ್ತಿಯಲ್ಲಿ ಕೂತ ಯಜಮಾನರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ವಯಸ್ಸು ಐವತ್ತೈದು, ಕೊನೆಕೊಯ್ಲಿನ ಲೆಕ್ಕ ಬರೆಯುವುದು, ಮಂಡಿಗೆ ಫೋನು ಮಾಡುವುದು ಅವರ ದಿನದ ಕೆಲಸ. ಮೊದಲೆಲ್ಲ ಮೂರು ಸುತ್ತು ಅನ್ನ ಉಣ್ಣುತ್ತಿದ್ದರು. ಅಷ್ಟಕ್ಕೆ ಬೇಕಾಗುವ ಅಕ್ಕಿ 150 ಗ್ರಾಂ, ಅದರಲ್ಲಿ ಪಿಷ್ಟ ಸುಮಾರು 117 ಗ್ರಾಂ. ಈಗ ತಿನ್ನುವುದು, ಬಾಯಲ್ಲಿ ಎರಡೇ ಎಂದರೂ, ಮೂರು ಚಪಾತಿ. ಚಪಾತಿಗೆ 30 ಗ್ರಾಂ ಹಿಟ್ಟಿನಂತೆ 90 ಗ್ರಾಂ ಹಿಟ್ಟು, ಪಿಷ್ಟ 58 ಗ್ರಾಂ.

ಪಿಷ್ಟದ ತೂಕವನ್ನು ಸೂಚ್ಯಂಕದಿಂದ ಗುಣಿಸಿ ನೂರರಿಂದ ಭಾಗಿಸಿದರೆ ಆ ಊಟದ ಒಟ್ಟು ಹೊರೆ ಸಿಗುತ್ತದೆ. ಹಳೆಯ ಊಟದ ಹೊರೆ 84, ಚಪಾತಿಯದ್ದು 30. ದೊಡ್ಡ ಇಳಿಕೆಯೇ. ಸಕ್ಕರೆ ಇಳಿದದ್ದು ಕಂಡು ಅವರು ಗೋಧಿಗೆ ಕೈ ಮುಗಿಯುತ್ತಾರೆ.

ಈಗ ಇನ್ನೊಂದು ಲೆಕ್ಕ ಹಾಕಿ. ಚಪಾತಿಯ ಸುದ್ದಿಗೇ ಹೋಗದೆ ಅನ್ನವನ್ನು ಅರ್ಧಕ್ಕಿಳಿಸಿದ್ದರೆ? 75 ಗ್ರಾಂ ಅಕ್ಕಿಯಲ್ಲೂ ಪಿಷ್ಟ ಅದೇ 58 ಗ್ರಾಂ, ಹೊರೆ 42. ಅಂದರೆ 84ರಿಂದ 30ಕ್ಕೆ ಇಳಿದ 54ರಲ್ಲಿ 42 ಬಂದದ್ದು ಕಡಿಮೆ ಉಂಡಿದ್ದರಿಂದ, ಗೋಧಿಯಿಂದ ಬಂದದ್ದು ಬರೀ 12. ಚಪಾತಿಯ ಜಾಗಕ್ಕೆ ಅಷ್ಟೇ ಪಿಷ್ಟದ ಸಾಮೆ ಅನ್ನ ಇಟ್ಟರೂ ಹೊರೆ 31.

ಚಪಾತಿಯ ನಿಜವಾದ ಗುಣ ಅದನ್ನು ಎಣಿಸಬಹುದು ಎಂಬುದು. ನಾಲ್ಕನೆಯದಕ್ಕೆ ಕೈ ಚಾಚುವಾಗ ನಾಲ್ಕನೆಯದು ಎಂದು ಗೊತ್ತಾಗುತ್ತದೆ. ಅನ್ನಕ್ಕೆ ಎಣಿಕೆಯಿಲ್ಲ. "ಇನ್ನೊಂಚೂರು ಹಾಕ್ಲಾ?" ಎನ್ನುತ್ತ ಸೌಟು ಹಿಡಿದು ನಿಂತವರ ಮುಂದೆ ಬೇಡ ಎನ್ನುವುದು ಹವ್ಯಕರ ಪಂಕ್ತಿಯಲ್ಲಿ ಸುಲಭವಲ್ಲ. ಮಜ್ಜಿಗೆ ಅನ್ನವಂತೂ ಊಟದ ಲೆಕ್ಕಕ್ಕೇ ಸೇರುವುದಿಲ್ಲ, ಅದು ಊಟ ಮುಗಿಸುವ ಕ್ರಮ ಅಷ್ಟೇ.

ದೇಶದ ದೊಡ್ಡ ಸಮೀಕ್ಷೆಯೂ ಇದೇ ದಿಕ್ಕಿಗೆ ಕೈ ತೋರಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ 2025ರ ವರದಿಯ ಪ್ರಕಾರ ಭಾರತೀಯರ ಶಕ್ತಿಯಲ್ಲಿ ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತಿದೆ. ಒಟ್ಟು ಪಿಷ್ಟ ಇಳಿಸದೆ ಅಕ್ಕಿಯ ಬದಲು ಗೋಧಿ ಹಿಟ್ಟು ಅಥವಾ ಕಿರುಧಾನ್ಯದ ಹಿಟ್ಟು ತಿಂದವರಲ್ಲಿ ಮಧುಮೇಹದ ಅಪಾಯ ಕಡಿಮೆಯಾದದ್ದು ಕಾಣಲಿಲ್ಲ. ಪಿಷ್ಟದ ಒಂದು ಪಾಲು ಬಿಟ್ಟು ಬೇಳೆ, ಕಾಳು, ಹಾಲು, ಮೊಸರಿನ ಪ್ರೋಟೀನು ಹೆಚ್ಚಿಸಿಕೊಂಡವರಲ್ಲಿ ಅಪಾಯ ಕಡಿಮೆಯಿತ್ತು.

ಕೊನೆಗೌಡನ ಸ್ನಾಯು

ಕೊನೆಗೌಡ ಇದೇ ಪಂಕ್ತಿಯಲ್ಲಿ ಅದೇ 150 ಗ್ರಾಂ ಅಕ್ಕಿ ಉಣ್ಣುತ್ತಾನೆ, ಬಹುಶಃ ಇನ್ನೂ ಹೆಚ್ಚು. ಅವನಿಗೆ ಅದು ಹೊರೆಯಾಗದ ಕಾರಣ ಸ್ನಾಯುಗಳಲ್ಲಿದೆ.

ಕೂತವರ ರಕ್ತದ ಗ್ಲೂಕೋಸ್ ಸ್ನಾಯುವಿನೊಳಗೆ ಹೋಗಲು ಇನ್ಸುಲಿನ್ ಬಂದು ಬಾಗಿಲು ತೆರೆಯಬೇಕು. ಮಧುಮೇಹದಲ್ಲಿ ಕೈಕೊಡುವುದು ಈ ಕೆಲಸವೇ. ಆದರೆ ಸ್ನಾಯು ದುಡಿಯುವಾಗ ಆ ಬಾಗಿಲು ಇನ್ಸುಲಿನ್ ಇಲ್ಲದೆಯೂ ತೆರೆಯುತ್ತದೆ. ಮರವನ್ನು ಅಪ್ಪಿ ಏರುವ ತೊಡೆ, ಪಕ್ಕದ ಮರ ಎಳೆಯುವ ತೋಳು, ಹೊರೆ ಹೊತ್ತವರ ಮೀನಖಂಡ, ಎಲ್ಲವೂ ರಕ್ತದಿಂದ ಸಕ್ಕರೆ ಹೀರುತ್ತವೆ. ಕೆಲಸ ನಿಂತ ಮೇಲೂ ಖಾಲಿಯಾದ ದಾಸ್ತಾನು ತುಂಬಿಕೊಳ್ಳಲು ಮರುದಿನದವರೆಗೂ ಸ್ನಾಯು ಇನ್ಸುಲಿನ್‌ಗೆ ಹೆಚ್ಚು ಸ್ಪಂದಿಸುತ್ತದೆ.

ಅವನ ಅಗತ್ಯವೂ ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೇಳಿದಂತೆ ಕೂತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2,110 ಕಿಲೋಕ್ಯಾಲರಿ ಸಾಕು, ಕಠಿಣ ದುಡಿಮೆಯವನಿಗೆ 3,470 ಬೇಕು. ಈ ಹೆಚ್ಚಿನ 1,360 ಕ್ಯಾಲರಿ ಎಂದರೆ ಸುಮಾರು 380 ಗ್ರಾಂ ಅಕ್ಕಿಯ ಶಕ್ತಿ. ಯಜಮಾನರ ಚಪಾತಿ ಪಥ್ಯವನ್ನು ಕೊನೆಗೌಡನಿಗೆ ಹೇರಿದರೆ ಮೂರು ಗಂಟೆಯ ಹೊತ್ತಿಗೆ ಅವನ ಕೈ ಸೋಲುತ್ತದೆ. ನಲವತ್ತು ಅಡಿ ಎತ್ತರದಲ್ಲಿ ಕೈ ಸೋಲುವುದು ಒಳ್ಳೆಯದಲ್ಲ.

ಕೂತವರಿಗೂ ಇದರಿಂದ ಒಂದು ಉಪಯೋಗವಿದೆ. ಊಟದ ನಂತರ ಸಕ್ಕರೆ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಅದಕ್ಕೂ ಮೊದಲು ತೋಟಕ್ಕೊಂದು ಸುತ್ತು, ಹದಿನೈದು ನಿಮಿಷ, ಹೋಗಿಬಂದರೆ ಆ ತುದಿ ತಗ್ಗುತ್ತದೆ. ಉಂಡು ಜಗಲಿಯಲ್ಲಿ ಅಡ್ಡಾಗಿ, ಸಂಜೆ ಐದಕ್ಕೆ ನಡೆಯಲು ಹೊರಟರೆ ಬೇರೆ ಲಾಭಗಳಿವೆ, ಮಧ್ಯಾಹ್ನದ ಏರಿಕೆ ಮಾತ್ರ ಅಷ್ಟರಲ್ಲಿ ಆಗಿ ಮುಗಿದಿರುತ್ತದೆ.

ಹಿಟ್ಟಾದರೆ ಧಾನ್ಯದ ಗುಣ ಬದಲು

ದಿನವಿಡೀ ಒಂದೇ ಸಮ ಶಕ್ತಿ ಬೇಕೆನ್ನುವವರು ಧಾನ್ಯದ ಹೆಸರಿಗಿಂತ ಅದರ ರೂಪ ನೋಡಬೇಕು. ಇಡೀ ಕಾಳನ್ನು ಬೇಯಿಸಿದರೆ ಜೀರ್ಣರಸ ಹೊರಗಿನಿಂದ ಒಳಗೆ ನಿಧಾನ ಹೋಗಬೇಕು. ನುಣ್ಣಗೆ ಬೀಸಿದರೆ ಆ ಕೆಲಸವನ್ನು ಗಿರಣಿ ಮಾಡಿಕೊಟ್ಟಂತಾಯಿತು. ಆ ಹಿಟ್ಟನ್ನು ನೀರಲ್ಲಿ ಕುದಿಸಿದರೆ ಪಿಷ್ಟ ಉಬ್ಬಿ, ಕರಗಿ, ಇನ್ನಷ್ಟು ಬೇಗ ಸಕ್ಕರೆಯಾಗುತ್ತದೆ.

ರಾಗಿ ಅಂಬಲಿಯ ಕತೆ ಇದು. ಶುಗರ್ ಬಂದವರು ಬೆಳಿಗ್ಗೆ ಒಂದು ದೊಡ್ಡ ಲೋಟ ಅಂಬಲಿ ಕುಡಿದು, ರಾಗಿ ಎಂಬ ಧೈರ್ಯದಲ್ಲಿರುತ್ತಾರೆ. ರಾಗಿಯಲ್ಲಿ ನಾರು ಅಕ್ಕಿಯ ಸುಮಾರು ನಾಲ್ಕು ಪಟ್ಟು, ಸುಣ್ಣದ ಅಂಶ ಬೇರಾವ ಧಾನ್ಯಕ್ಕಿಂತ ಹೆಚ್ಚು, ಇದೆಲ್ಲ ನಿಜ. ಆದರೆ ನುಣುಪಾದ ಹಿಟ್ಟಿನ ಅಂಬಲಿಯನ್ನು ಜಗಿಯುವ ಕೆಲಸವೂ ಇಲ್ಲ, ಅದು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಸೋಸಿ ಬೆಲ್ಲ ಹಾಕಿದರೆ ನಾರೂ ಹೋಯಿತು, ಸಕ್ಕರೆಯೂ ಸೇರಿತು. ಅದಕ್ಕಿಂತ ಜರಡಿ ಹಿಡಿಯದ ಹಿಟ್ಟಿನ ರಾಗಿ ರೊಟ್ಟಿಯನ್ನು ಪಲ್ಯದ ಜೊತೆ ಜಗಿದು ತಿನ್ನುವುದು ವಾಸಿ.

ತೆಳ್ಳೇವೂ ಹಾಗೆಯೇ, ಅಕ್ಕಿಯನ್ನು ನುಣ್ಣಗೆ ಅರೆದು ಕಾವಲಿಗೆ ತೆಳ್ಳಗೆ ಎರೆದದ್ದು. ಜೋನಿಬೆಲ್ಲ, ತುಪ್ಪದ ಜೊತೆ ಎಷ್ಟು ಹೋಯಿತೆಂದು ತಿಂದವರಿಗೆ ಗೊತ್ತಾಗುವುದಿಲ್ಲ. ತಕ್ಷಣ ತೋಟಕ್ಕಿಳಿಯುವವರಿಗೆ ಇದು ಒಳ್ಳೆಯ ಉರುವಲು. ತಿಂದು ಪೇಪರು ಓದುತ್ತ ಕೂರುವವರಲ್ಲಿ ಅದೇ ಊಟ ಸಕ್ಕರೆಯನ್ನು ಬೇಗ ಏರಿಸಿ, ಎರಡು ಮೂರು ಗಂಟೆಯಲ್ಲಿ ಇಳಿಸುತ್ತದೆ. ಹತ್ತೂವರೆಗೆ ಮತ್ತೆ ಹಸಿವು, ಮತ್ತೆ ಕಷಾಯ, ಅದಕ್ಕೊಂದು ಚೂರು ಬೆಲ್ಲ.

ಅಕ್ಕಿಯಲ್ಲೇ ಉಳಿಯಬೇಕೆನ್ನುವವರಿಗೆ ಕುಚ್ಚಲಕ್ಕಿ ಇದೆ. ಭತ್ತವನ್ನೇ ಬೇಯಿಸಿ ಒಣಗಿಸುವಾಗ ಪಿಷ್ಟ ಒಮ್ಮೆ ಉಬ್ಬಿ ಮತ್ತೆ ಬಿಗಿಯಾಗಿ ಕೂಡಿಕೊಳ್ಳುತ್ತದೆ. ತೌಡಿನ ಬಿ1 ಜೀವಸತ್ವವೂ ಒಂದಷ್ಟು ಒಳಗೆ ಇಳಿಯುತ್ತದೆ. ಅದರ ಅನ್ನದ ಅಗುಳು ಗಟ್ಟಿಯಾಗಿ ಬಿಡಿಬಿಡಿಯಾಗಿರುತ್ತದೆ, ಬೆಳ್ತಿಗೆ ಅನ್ನಕ್ಕಿಂತ ನಿಧಾನ ಜೀರ್ಣವಾಗುತ್ತದೆ. ಅದನ್ನೇ ಕಿವುಚಿದರೆ ಕಲಸಿಹೋಗುವಷ್ಟು ಬೇಯಿಸಿದರೆ ಆ ಲಾಭದಲ್ಲಿ ಬಹುಪಾಲು ಹೋಗುತ್ತದೆ.

ಸಾಮೆ, ನವಣೆ ಕೊಳ್ಳುವವರು ಬಣ್ಣ ನೋಡಬೇಕು. ತೌಡು ಉಳಿದ ಕಾಳು ಮಾಸಲು, ಸ್ವಲ್ಪ ಹಳದಿ ಅಥವಾ ಬೂದು. ಬೇಗ ಮುಗ್ಗುತ್ತದೆ, ಹುಳವೂ ಬೀಳುತ್ತದೆ. ಬೆಳ್ಳಗೆ ಹೊಳೆಯುತ್ತ ಆರು ತಿಂಗಳು ಕೆಡದೆ ಕೂರುವ ಪ್ಯಾಕೆಟ್ಟಿನದು ಪಾಲಿಶ್ ಆದದ್ದು. ಅಂಥದಕ್ಕೆ ಅಕ್ಕಿಯ ಎರಡು ಮೂರು ಪಟ್ಟು ಬೆಲೆ ಕೊಡುವುದು ದಂಡ. ಅಲ್ಲದೆ ನಾರು ಜಾಸ್ತಿಯಿರುವ ಧಾನ್ಯಕ್ಕೆ ಒಮ್ಮೆಲೇ ಬದಲಾದರೆ ಹೊಟ್ಟೆ ಉಬ್ಬರಿಸುತ್ತದೆ. ಮರ ಹತ್ತುವ ದಿನ ಆ ಪ್ರಯೋಗ ಬೇಡ.

ಮನೆಯಲ್ಲೇ ಪರೀಕ್ಷೆ

ಒಂದೇ ಊಟಕ್ಕೆ ಇಬ್ಬರ ರಕ್ತ ಒಂದೇ ರೀತಿ ಸ್ಪಂದಿಸುವುದಿಲ್ಲ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ನಿಮ್ಮದನ್ನು ನೀವೇ ನೋಡಿಕೊಳ್ಳಬಹುದು.

ಮೂರು ದಿನ, ಒಂದೇ ಹೊತ್ತಿಗೆ, ಒಂದೇ ಪಲ್ಯ, ಒಂದೇ ಹುಳಿ ಇರಲಿ. ಧಾನ್ಯವನ್ನು ಮಾತ್ರ ಬದಲಿಸಿ: ಒಂದು ದಿನ 75 ಗ್ರಾಂ ಅಕ್ಕಿಯ ಅನ್ನ, ಒಂದು ದಿನ 90 ಗ್ರಾಂ ಹಿಟ್ಟಿನ ಚಪಾತಿ, ಒಂದು ದಿನ 90 ಗ್ರಾಂ ಸಾಮೆ. ತೂಕ ಬೇಯಿಸುವ ಮೊದಲಿನದು. ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಒಂದು ಗಂಟೆಗೆ ಒಮ್ಮೆ, ಎರಡು ಗಂಟೆಗೆ ಒಮ್ಮೆ ಚುಚ್ಚಿ ಬರೆದಿಡಿ. ಆ ಎರಡು ಗಂಟೆ ಮೂರು ದಿನವೂ ಒಂದೇ ರೀತಿ ಕಳೆಯಬೇಕು. ನಾಲ್ಕನೆಯ ದಿನ ಅದೇ ಅನ್ನ ಉಂಡು ಹದಿನೈದು ನಿಮಿಷ ನಡೆದು ನೋಡಿ. ಈ ನಾಲ್ಕನೆಯ ಅಂಕಿ ಬಹಳ ಮಂದಿಗೆ ಧಾನ್ಯದ ಬದಲಾವಣೆಗಿಂತ ಹೆಚ್ಚು ಪಾಠ ಹೇಳುತ್ತದೆ.

ಚುಚ್ಚುವ ಮೊದಲು ಸೋಪು ಹಚ್ಚಿ ಕೈ ತೊಳೆದು ಒರೆಸಿಕೊಳ್ಳಬೇಕು. ಬೆರಳಿಗೆ ಅಂಟಿದ ಬೆಲ್ಲವೋ ಬಾಳೆಹಣ್ಣೋ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ. ಒಳ್ಳೆಯ ಮೀಟರೂ ಶೇ 15ರಷ್ಟು ಆಚೀಚೆ ಆಗಬಹುದು, ಆದ್ದರಿಂದ ಇಪ್ಪತ್ತು ಅಂಕಿಯ ಒಳಗಿನ ವ್ಯತ್ಯಾಸವನ್ನು ನಂಬಿ ಯಾವ ಧಾನ್ಯವನ್ನೂ ಹೊಗಳಬೇಡಿ, ತೆಗಳಬೇಡಿ. ಮಧುಮೇಹ ಇರುವ ಹೆಚ್ಚಿನವರಿಗೆ ವೈದ್ಯರು ಇಡುವ ಗುರಿ, ಊಟದ ನಂತರದ ತುದಿ 180 ದಾಟದಿರಲಿ ಎಂಬುದು.

ಮಾತ್ರೆ ನುಂಗಿ ತೋಟಕ್ಕಿಳಿದವರು

ಇಷ್ಟು ಹೊತ್ತು ಸಕ್ಕರೆ ಏರುವುದರ ಮಾತಾಯಿತು. ಕೊನೆಕೊಯ್ಲಿನ ಕಾಲದಲ್ಲಿ ಹೆಚ್ಚು ಹೆದರಬೇಕಾದ್ದು ಅದು ಇಳಿಯುವುದಕ್ಕೆ.

ಅದೇ ಯಜಮಾನರು ಗ್ಲಿಮಿಪಿರೈಡ್ ಅಥವಾ ಗ್ಲಿಕ್ಲಾಜೈಡ್ ಮಾತ್ರೆ ನುಂಗುತ್ತಾರೆ, ಇಲ್ಲವೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಆಳು ಬಾರದ ದಿನ ತಾವೇ ಹೊರೆ ಹೊರಲು ಇಳಿಯುತ್ತಾರೆ. ಬೆಳಗಿನ ತಿಂಡಿಯೂ ಪಥ್ಯದ್ದು. ಮಾತ್ರೆ ಒಂದು ಕಡೆಯಿಂದ ಸಕ್ಕರೆ ಇಳಿಸುತ್ತದೆ, ದುಡಿಯುವ ಸ್ನಾಯು ಇನ್ನೊಂದು ಕಡೆಯಿಂದ ಎಳೆದುಕೊಳ್ಳುತ್ತದೆ, ಒಳಗೆ ಬಂದ ಪಿಷ್ಟ ಕಡಿಮೆ. ಹನ್ನೊಂದರ ಹೊತ್ತಿಗೆ ತಣ್ಣನೆ ಬೆವರು, ಕೈ ನಡುಕ, ಎದೆ ಬಡಿತ, ಸಿಟ್ಟು, ಮಾತು ತೊದಲುವುದು. ದುಡಿಯುವವನ ಬೆವರಿನಲ್ಲಿ ಈ ಬೆವರು ಗುರುತಾಗುವುದಿಲ್ಲ ಎಂಬುದೇ ಅಪಾಯ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಹೀಗಾಗುವುದು ಅಪರೂಪ.

ಮೀಟರು 70ಕ್ಕಿಂತ ಕಡಿಮೆ ತೋರಿಸಿದರೆ, ಅಥವಾ ಮೀಟರು ಹತ್ತಿರವಿಲ್ಲದೆ ಈ ಲಕ್ಷಣ ಕಂಡರೆ, ಮೂರು ಚಮಚ ಸಕ್ಕರೆ ಇಲ್ಲವೇ ಒಂದು ದೊಡ್ಡ ಚಮಚ ಜೋನಿಬೆಲ್ಲ ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷ ಕೂತು ಮತ್ತೆ ನೋಡಬೇಕು, ಏರದಿದ್ದರೆ ಮತ್ತೊಮ್ಮೆ ಅಷ್ಟೇ. ಅನ್ನವೋ ಚಪಾತಿಯೋ ಆಮೇಲೆ, ಆ ಗಳಿಗೆಗೆ ಅವು ತಡ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆಯವರಿಗೆ ಸಕ್ಕರೆ ಬೆಲ್ಲ ಬೇಗ ನಾಟುವುದಿಲ್ಲ, ಏಕೆಂದರೆ ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅವರ ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಸಕ್ಕರೆ ಹೀಗೆ ಇಳಿದವರು ಆ ದಿನ ಮರ ಹತ್ತಬಾರದು, ಒಬ್ಬರೇ ತೋಟಕ್ಕೆ ಹೋಗಲೂಬಾರದು. ಕೊನೆಕೊಯ್ಲು ಶುರುವಾಗುವ ಮೊದಲೇ ವೈದ್ಯರ ಬಳಿ ಹೋಗಿ, ಇನ್ನು ಇಷ್ಟು ದಿನ ಮೈಮುರಿ ಕೆಲಸ ಇದೆ ಎಂದು ಹೇಳಿದರೆ ಅವರು ಮಾತ್ರೆಯ ಪ್ರಮಾಣ ಬದಲಿಸಿಕೊಡುತ್ತಾರೆ. ದುಡಿದ ದಿನದ ರಾತ್ರಿ ಮಲಗುವ ಮುನ್ನವೂ ಒಮ್ಮೆ ಚುಚ್ಚಿ ನೋಡಬೇಕು, ಸ್ನಾಯು ಸಕ್ಕರೆ ಎಳೆಯುವುದು ಆಗಲೂ ನಡೆದೇ ಇರುತ್ತದೆ.

ಮುಂದೆ ಮಳೆಗಾಲ ಬಂದಾಗ ಲೆಕ್ಕ ತಿರುಗುಮುರುಗು. ಜೂನ್ ಜುಲೈಯಲ್ಲಿ ಔಷಧಿ ಹೊಡೆಯುವ ನಾಲ್ಕು ದಿನ ಬಿಟ್ಟರೆ ಕೊನೆಗೌಡನೂ ಮನೆಯಲ್ಲೇ ಕೂತಿರುತ್ತಾನೆ. ಅವನ ಅನ್ನ ಮಾತ್ರ ಡಿಸೆಂಬರಿನ ಅಳತೆಯಲ್ಲೇ ಬೀಳುತ್ತಿರುತ್ತದೆ. ನಲವತ್ತು ದಾಟಿದ ಮೇಲೆ ಸಕ್ಕರೆ ಇದೆಯೇ ಎಂದು ಮೊದಲ ಸಲ ನೋಡಿಕೊಳ್ಳುವುದಿದ್ದರೆ, ಖಾಲಿ ಹೊಟ್ಟೆಯ ಅಂಕಿಯ ಜೊತೆಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಅವನು ಆಗಸ್ಟ್ ಕೊನೆಗೆ ಮಾಡಿಸುವುದು ಲೇಸು.